ಸ್ಟೋರ್ಸ್ ಸಾಮಾನಿನ ಎಬಿಸಿ ವಿಶ್ಲೇಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗಿನಲ್ಲೋ ಇರುವಂಥ ಒಂದು ಸಣ್ಣ ಮೆಷಿನ್ ಶಾಪನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆದಿದ್ದೇನೆ. ನಾಲ್ಕೈದು ಲೇತು, ಒಂದೆರಡು ಸಿಎನ್‌ಸಿ, ಒಬ್ಬ ಸ್ಟೋರ್‌ಕೀಪರ್, ಎಲ್ಲ ಖರೀದಿ ಆರ್ಡರಿಗೂ, ಅಂದರೆ ಪಿಓಗೂ, ತಾನೇ ಸಹಿ ಹಾಕುವ ಮಾಲೀಕರು. ಕೆಳಗಿನ ರೇಟು ಮತ್ತು ಪ್ರಮಾಣಗಳು ಲೆಕ್ಕ ತೋರಿಸಲು ಇಟ್ಟುಕೊಂಡ ಅಂಕಿಗಳು. ನಿಮ್ಮ ಲೆಡ್ಜರಿನ ಅಂಕಿಗಳನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಿ.

ಎಬಿಸಿ ವಿಶ್ಲೇಷಣೆ ಎಂದರೇನು?

ಸ್ಟೋರಿನ ಪ್ರತಿಯೊಂದು ಸಾಮಾನೂ ವರ್ಷಕ್ಕೆ ಎಷ್ಟು ರೂಪಾಯಿಯಷ್ಟು ಖರ್ಚಾಗುತ್ತದೆ ಎಂದು ಲೆಕ್ಕ ಹಾಕಿ, ಆ ಮೊತ್ತದ ಪ್ರಕಾರ ಮೇಲಿನಿಂದ ಕೆಳಕ್ಕೆ ಜೋಡಿಸುವುದು. ಮೇಲಿರುವ ಕೆಲವೇ ಸಾಮಾನು ಹೆಚ್ಚಿನ ದುಡ್ಡು ತಿನ್ನುತ್ತವೆ, ಅವು ಎ. ತಳದಲ್ಲಿರುವ ಬಹುಪಾಲು ಸಾಮಾನು ಎಲ್ಲ ಸೇರಿದರೂ ದುಡ್ಡಿನ ಸಣ್ಣ ಪಾಲು, ಅವು ಸಿ. ನಡುವಿನವು ಬಿ. ಇದನ್ನು ದಾಸ್ತಾನಿಗೆ ಅನ್ವಯಿಸಿ 1951ರಲ್ಲಿ ಬರೆದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಚ್. ಫೋರ್ಡ್ ಡಿಕಿ. ಹಿಂದಿನ ಯೋಚನೆ ಇಟಲಿಯ ಅರ್ಥಶಾಸ್ತ್ರಜ್ಞ ಪರೇಟೊ ಅವರದ್ದು.

ದುಬಾರಿ ಸಾಮಾನು ಎ, ಅಗ್ಗದ್ದು ಸಿ. ಇಷ್ಟೇ ತಾನೆ?

ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಸ್ಪಿಂಡಲ್ ಬೆಲ್ಟಿಗೆ ₹4,250, ಒಂದು ಕೆಜಿ ಉಕ್ಕಿಗೆ ₹75. ಬಿಡಿ ಬೆಲೆ ನೋಡಿದರೆ ಬೆಲ್ಟನ್ನು ಬೀರುವಿನಲ್ಲಿ ಬೀಗ ಹಾಕಿಡುತ್ತೀರಿ, ಉಕ್ಕಿನ ಸರಳನ್ನು ಗೇಟಿನ ಪಕ್ಕ ಬಯಲಲ್ಲಿ ಒಟ್ಟುತ್ತೀರಿ. ಆದರೆ ಬೆಲ್ಟು ವರ್ಷಕ್ಕೆ ನಾಲ್ಕು ಬೇಕು, ಉಕ್ಕು 24 ಟನ್. ಒಂದಕ್ಕೆ ₹17,000, ಇನ್ನೊಂದಕ್ಕೆ ₹18 ಲಕ್ಷ. ನೋಡಬೇಕಾದ್ದು ವರ್ಷದ ಬಳಕೆಯನ್ನು ರೇಟಿನಿಂದ ಗುಣಿಸಿದ ಮೊತ್ತವನ್ನು. ಬಿಡಿ ಬೆಲೆಯನ್ನೂ ನೋಡಬಾರದು, ಈಗ ರ್‍ಯಾಕಿನಲ್ಲಿ ಎಷ್ಟು ಕೂತಿದೆ ಎಂಬುದನ್ನೂ ನೋಡಬಾರದು.

ಯಾವ ಅಂಕಿ ತೆಗೆದುಕೊಳ್ಳಬೇಕು? ಖರೀದಿಯದ್ದೋ, ಇಶ್ಯೂ ಮಾಡಿದ್ದೋ?

ಇಶ್ಯೂ ಮಾಡಿದ್ದು, ಅಂದರೆ ಸ್ಟೋರಿನಿಂದ ಶಾಪಿಗೆ ಕೊಟ್ಟದ್ದು. ಮಾರ್ಚಿನಲ್ಲಿ ರೇಟು ಏರುತ್ತದೆಂಬ ಭಯಕ್ಕೆ ಎರಡು ವರ್ಷದ ಎಮರಿ ಕಾಗದ ತಂದಿಟ್ಟಿದ್ದರೆ, ಖರೀದಿ ಲೆಕ್ಕದಲ್ಲಿ ಅದು ದೊಡ್ಡ ಸಾಮಾನಾಗಿ ಕಾಣುತ್ತದೆ. ನಿಜವಾಗಿ ಖರ್ಚಾಗಿರುವುದು ಸ್ವಲ್ಪ. ಕಳೆದ 12 ತಿಂಗಳ ಇಶ್ಯೂ ಸ್ಲಿಪ್ಪುಗಳನ್ನು ಕೂಡಿಸಿ, ಶಾಪಿನಿಂದ ವಾಪಸ್ ಬಂದ ಮಾಲನ್ನು ಕಳೆಯಿರಿ. ಇಶ್ಯೂ ಸ್ಲಿಪ್ಪನ್ನು ಯಾರೂ ನೆಟ್ಟಗೆ ಬರೆಯುತ್ತಿಲ್ಲ ಎಂದಾದರೆ, ಆರಂಭದ ದಾಸ್ತಾನಿಗೆ ಖರೀದಿ ಸೇರಿಸಿ ಕೊನೆಯ ದಾಸ್ತಾನನ್ನು ಕಳೆದರೂ ಬಳಕೆ ಸಿಗುತ್ತದೆ. ಆದರೆ ಕಳುವಾದದ್ದೂ ಹಾಳಾದದ್ದೂ ಅದರೊಳಗೆ ‘ಬಳಕೆ’ಯಾಗಿ ಸೇರಿಕೊಂಡಿರುತ್ತವೆ ಎಂಬ ನೆನಪಿರಲಿ.

ರೇಟಿಗೆ ವರ್ಷದ ಸರಾಸರಿ ಸಾಕು. ಜಿಎಸ್‌ಟಿ ಕ್ರೆಡಿಟ್ ಪಡೆಯುವವರು ತೆರಿಗೆ ಬಿಟ್ಟು, ಲಾರಿ ಬಾಡಿಗೆ ಸೇರಿಸಿ ಹಾಕಿಕೊಳ್ಳಲಿ.

ಇದಕ್ಕಿಂತ ಹೆಚ್ಚು ಹುಷಾರಾಗಿರಬೇಕಾದ್ದು ಅಳತೆಯ ವಿಷಯದಲ್ಲಿ. ಕಾರ್ಬೈಡ್ ಇನ್ಸರ್ಟು ಹತ್ತರ ಡಬ್ಬಿಯಲ್ಲಿ ಬರುತ್ತದೆ. ಬಿಲ್ಲಿನಲ್ಲಿ ಡಬ್ಬಿಗೆ ₹2,400, ಇಶ್ಯೂ ಸ್ಲಿಪ್ಪಿನಲ್ಲಿ ಬಿಡಿ ಲೆಕ್ಕ. 4,000 ಬಿಡಿಯನ್ನು ₹2,400ರಿಂದ ಗುಣಿಸಿದರೆ ₹96 ಲಕ್ಷ ಬರುತ್ತದೆ, ಅಂದರೆ ಇಡೀ ಸ್ಟೋರಿನ ವರ್ಷದ ಖರ್ಚಿನ ಎರಡು ಪಟ್ಟಿಗೂ ಮೇಲೆ! ಪಟ್ಟಿ ಮಾಡಿದ ಮೇಲೆ ಒಟ್ಟು ಮೊತ್ತವನ್ನು ಲೆಕ್ಕಪತ್ರದ ಸಾಮಗ್ರಿ ಖರ್ಚಿನ ಜತೆ ಒಮ್ಮೆ ತಾಳೆ ನೋಡಿ. ಇಂಥ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಒಂದು ಪಟ್ಟಿ ಮಾಡಿ ತೋರಿಸುತ್ತೀರಾ?

ನಿಜವಾದ ಸ್ಟೋರಿನಲ್ಲಿ ಮುನ್ನೂರು ನಾನೂರು ಸಾಮಾನಿರುತ್ತವೆ. ಇಲ್ಲಿ 13 ಸಾಕು, ಮೊತ್ತದ ಪ್ರಕಾರ ಇಳಿಕೆಯಲ್ಲಿ ಜೋಡಿಸಿದ್ದೇನೆ. ಕೊನೆಯ ಕಾಲಮ್ಮಿನಲ್ಲಿರುವುದು ಮೇಲಿನಿಂದ ಅಲ್ಲಿಯವರೆಗೆ ಕೂಡಿಸುತ್ತ ಬಂದ ಶೇಕಡಾವಾರು.

| ಸಾಮಾನು | ವರ್ಷದ ಬಳಕೆ | ರೇಟು (₹) | ವರ್ಷದ ಮೊತ್ತ (₹) | ಕೂಡುತ್ತ ಬಂದ ಶೇ. |
|---|---|---|---|---|
| ಇಎನ್ 8 ಉಕ್ಕಿನ ಸರಳು, 40 ಮಿಮೀ | 24,000 ಕೆಜಿ | 75 | 18,00,000 | 45.0 |
| ಕಾರ್ಬೈಡ್ ಇನ್ಸರ್ಟ್ | 4,000 | 240 | 9,60,000 | 69.0 |
| ಹಿತ್ತಾಳೆ ಸರಳು | 600 ಕೆಜಿ | 600 | 3,60,000 | 78.0 |
| ಕೂಲೆಂಟ್ ಆಯಿಲ್ | 1,200 ಲೀ. | 200 | 2,40,000 | 84.0 |
| ಪ್ಯಾಕಿಂಗ್ ಡಬ್ಬ | 9,000 | 20 | 1,80,000 | 88.5 |
| ಬೇರಿಂಗ್ | 300 | 450 | 1,35,000 | 91.9 |
| ಹೈಡ್ರಾಲಿಕ್ ಆಯಿಲ್ | 600 ಲೀ. | 150 | 90,000 | 94.1 |
| ಡ್ರಿಲ್ ಬಿಟ್ | 500 | 120 | 60,000 | 95.6 |
| ಕೈಗವಸು | 3,000 ಜೊತೆ | 20 | 60,000 | 97.1 |
| ಕಾಟನ್ ವೇಸ್ಟ್ | 600 ಕೆಜಿ | 70 | 42,000 | 98.2 |
| ಅಲೆನ್ ಬೋಲ್ಟ್ | 8,000 | 4 | 32,000 | 99.0 |
| ಎಮರಿ ಕಾಗದ | 1,500 | 16 | 24,000 | 99.6 |
| ಸ್ಪಿಂಡಲ್ ಬೆಲ್ಟ್ | 4 | 4,250 | 17,000 | 100.0 |

ಒಟ್ಟು ₹40 ಲಕ್ಷ. ಮೊದಲ ಮೂರೇ ಸಾಮಾನು ಅದರಲ್ಲಿ ₹31.20 ಲಕ್ಷ ನುಂಗಿವೆ. ಕೊನೆಯ ಏಳು ಸೇರಿ ₹3.25 ಲಕ್ಷ.

ಗೆರೆ ಎಲ್ಲಿ ಎಳೆಯಬೇಕು? ಶೇ. 80, ಶೇ. 95 ಎಂದು ಓದಿದ್ದೇನೆ.

ಅದು ರೂಢಿಯ ಗೆರೆ, ಶಾಸನವಲ್ಲ. ನಾನು ಮೊದಲು ನೋಡುವುದು ಮೊತ್ತ ಎಲ್ಲಿ ಧುಮುಕುತ್ತದೆ ಎಂದು. ಇಲ್ಲಿ ಇನ್ಸರ್ಟಿನ ₹9.60 ಲಕ್ಷದಿಂದ ಹಿತ್ತಾಳೆಯ ₹3.60 ಲಕ್ಷಕ್ಕೆ ದೊಡ್ಡ ಧುಮುಕು ಇದೆ. ಆ ಲೆಕ್ಕಕ್ಕೆ ಎ ಗುಂಪಿನಲ್ಲಿ ಎರಡೇ ಸಾಮಾನು ಸಾಕಿತ್ತು. ಆದರೂ ಹಿತ್ತಾಳೆಯನ್ನು ಎ ಒಳಗೆ ಎಳೆದುಕೊಂಡಿದ್ದೇನೆ, ಏಕೆಂದರೆ ಅದರ ರೇಟು ತಾಮ್ರದ ಮಾರುಕಟ್ಟೆಯ ಬಾಲ ಹಿಡಿದು ಏರಿಳಿಯುತ್ತದೆ. ಅದನ್ನು ಮೂರು ತಿಂಗಳು ಮರೆತು ಕೂರಲಾಗದು.

ಇನ್ನೊಂದು ತುದಿಯಲ್ಲಿ, ಶೇ. 95ರ ಗೆರೆ ಹೈಡ್ರಾಲಿಕ್ ಆಯಿಲನ್ನು ಬಿ ಮಾಡುತ್ತದೆ. ನಾನು ಸಿಗೆ ಇಳಿಸಿದ್ದೇನೆ. ವರ್ಷಕ್ಕೆ 200 ಲೀಟರಿನ ಮೂರು ಬ್ಯಾರೆಲ್ ಬೇಕಾಗುವ ಎಣ್ಣೆಗೆ ಮೂರು ಸಲ ಕೊಟೇಷನ್ ಕೇಳಿಕೊಂಡು ಕೂರುವುದು ದಂಡ. ಹೀಗೆ ಎ ಮೂರು, ಬಿ ಮೂರು (ಕೂಲೆಂಟ್, ಡಬ್ಬ, ಬೇರಿಂಗ್), ಸಿ ಏಳು. ಗೆರೆಯ ಅಕ್ಕಪಕ್ಕದ ಒಂದೆರಡು ಸಾಮಾನು ಆಚೀಚೆ ಆದರೆ ಏನೂ ಮುಳುಗುವುದಿಲ್ಲ. ಅದಕ್ಕಾಗಿ ಮೀಟಿಂಗಿನಲ್ಲಿ ಅರ್ಧ ದಿನ ಜಗಳವಾಡಿದ್ದನ್ನು ನೋಡಿದ್ದೇನೆ, ಬೇಡ.

ಸರಿ, ಪಟ್ಟಿ ಆಯಿತು. ಇದರಿಂದ ಖರೀದಿಯಲ್ಲಿ ಏನು ಬದಲಾಗುತ್ತದೆ?

ಎಷ್ಟು ಸಲ ತರಿಸುತ್ತೀರಿ ಎಂಬುದು ಮೊದಲು ಬದಲಾಗಬೇಕು. ಈಗ ಈ ಸ್ಟೋರು ಎಲ್ಲ ಸಾಮಾನನ್ನೂ ಮೂರು ತಿಂಗಳಿಗೊಮ್ಮೆ ತರಿಸುತ್ತಿದೆ ಎಂದುಕೊಳ್ಳಿ. 13 ಸಾಮಾನು, ನಾಲ್ಕು ಸಲ, ಅಲ್ಲಿಗೆ ವರ್ಷಕ್ಕೆ 52 ಆರ್ಡರ್. ತರಿಸಿದ ಮಾಲು ಸಮನಾಗಿ ಕರಗುತ್ತ ಹೋಗುವುದರಿಂದ ಸರಾಸರಿಯಲ್ಲಿ ಅರ್ಧ ಕೈಯಲ್ಲಿರುತ್ತದೆ. ಮೂರು ತಿಂಗಳ ಮಾಲು ₹10 ಲಕ್ಷದ್ದು, ಹಾಗಾಗಿ ಸ್ಟೋರಿನಲ್ಲಿ ಸದಾ ಸುಮಾರು ₹5 ಲಕ್ಷ ಕೂತಿರುತ್ತದೆ.

ಆರ್ಡರಿನ ಸಂಖ್ಯೆ 52ನ್ನು ಹಾಗೇ ಇಟ್ಟು, ಹಂಚಿಕೆಯನ್ನಷ್ಟೇ ಬದಲಿಸೋಣ. ಎ ಸಾಮಾನು ತಿಂಗಳಿಗೊಮ್ಮೆ ಬರಲಿ: 36 ಆರ್ಡರ್, ಸರಾಸರಿ ದಾಸ್ತಾನು ₹1,30,000. ಬಿ ನಾಲ್ಕು ತಿಂಗಳಿಗೊಮ್ಮೆ: 9 ಆರ್ಡರ್, ₹92,500. ಸಿ ವರ್ಷಕ್ಕೊಮ್ಮೆ: 7 ಆರ್ಡರ್, ₹1,62,500. ಕೂಡಿಸಿದರೆ ಅದೇ 52 ಆರ್ಡರ್, ಅದೇ ಗುಮಾಸ್ತರ ಕೆಲಸ. ದಾಸ್ತಾನು ಮಾತ್ರ ₹3,85,000ಕ್ಕೆ ಇಳಿದಿದೆ. ಸಿ ಸಾಮಾನಿನ ದಾಸ್ತಾನು ₹41,000ದ ಆಸುಪಾಸಿನಿಂದ ನಾಲ್ಕು ಪಟ್ಟಾಗಿದೆ ಎಂಬುದನ್ನು ಗಮನಿಸಿ. ರ್‍ಯಾಕ್ ತುಂಬಿ ತುಳುಕುತ್ತಿದೆ ಎಂದು ಮಾಲೀಕರು ಗೊಣಗಬಹುದು. ಆದರೆ ಎ ಸಾಮಾನಿನದ್ದು ₹3.90 ಲಕ್ಷದಿಂದ ₹1.30 ಲಕ್ಷಕ್ಕೆ ಬಿದ್ದದ್ದು ಅದನ್ನೆಲ್ಲ ತೀರಿಸಿ ₹1,15,000 ಉಳಿಸಿದೆ.

ಬ್ಯಾಂಕಿನ ಓವರ್‌ಡ್ರಾಫ್ಟ್ ಬಡ್ಡಿ ಶೇ. 12 ಎಂದರೆ ಈ ಉಳಿತಾಯ ವರ್ಷಕ್ಕೆ ₹13,800. ದೊಡ್ಡ ಮೊತ್ತವೇನಲ್ಲ, ಇರುವುದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಹೆಚ್ಚಿನ ಲಾಭ ಇರುವುದು ರೇಟು ಮಾತಾಡುವ ಸಮಯದಲ್ಲಿ. ಸಿ ಗುಂಪಿನ ಏಳೂ ಅಂಗಡಿಯವರ ಹತ್ತಿರ ಚೌಕಾಸಿ ಮಾಡಿ ಶೇ. 20 ಇಳಿಸಿದರೆ ₹65,000 ಸಿಗುತ್ತದೆ, ಶೇ. 20 ಯಾರೂ ಇಳಿಸುವುದಿಲ್ಲ ಬಿಡಿ. ಎ ಗುಂಪಿನ ಮೂವರ ಹತ್ತಿರ ಬರೀ ಶೇ. 2 ಇಳಿಸಿದರೂ ₹62,400. ಪರ್ಚೇಸಿನವರ ವಾರದ ಹೊತ್ತು ಕೈಗವಸಿನ ಮೂರು ಕೊಟೇಷನ್ ಹೋಲಿಸುವುದರಲ್ಲಿ ಕಳೆಯುತ್ತಿದ್ದರೆ, ಈ ಎರಡು ಅಂಕಿಗಳನ್ನು ಅವರ ಮೇಜಿನ ಮೇಲೆ ಅಂಟಿಸಿ.

ಉಕ್ಕನ್ನು ತಿಂಗಳಿಗೊಮ್ಮೆ ತರಿಸಿದರೆ ಲಾರಿ ಬಾಡಿಗೆ ಹೆಚ್ಚಾಗುವುದಿಲ್ಲವೇ? ಸಗಟು ರೇಟು ತಪ್ಪುವುದಿಲ್ಲವೇ?

ಬಿಡಿ ಬಿಡಿಯಾಗಿ ಆರ್ಡರ್ ಹಾಕಿದರೆ ತಪ್ಪುತ್ತದೆ. ಅದಕ್ಕೇ ಎ ಸಾಮಾನಿಗೆ ವರ್ಷದ ಅಥವಾ ಆರು ತಿಂಗಳ ಪ್ರಮಾಣಕ್ಕೆ ಒಂದೇ ರೇಟು ಮಾತಾಡಿ, ತಿಂಗಳಿಗೆ ಇಷ್ಟಿಷ್ಟು ಎಂದು ಡೆಲಿವರಿ ಶೆಡ್ಯೂಲ್ ಕೊಡುವುದು ವಾಡಿಕೆ. ತಿಂಗಳಿಗೆ ಎರಡು ಟನ್ ಎಂದರೆ ಒಂದು ಟೆಂಪೋಗೆ ತಕ್ಕ ಲೋಡೇ. ಶೆಡ್ಯೂಲಿನಲ್ಲಿ ರೇಟು ಏರಿದಾಗ ಏನು, ಇಳಿದಾಗ ಏನು ಎಂದು ಎರಡೂ ಬರೆಸಿಕೊಳ್ಳಿ. ಇಳಿದಾಗಿನದ್ದನ್ನು ಬರೆಸುವುದು ಮಾತ್ರ ಎಲ್ಲರಿಗೂ ಮರೆಯುತ್ತದೆ.

ಎ ಸಾಮಾನಿಗೆ ‘ಬಿಗಿ ಹಿಡಿತ’ ಎನ್ನುತ್ತಾರೆ. ಏನು ಮಾಡಬೇಕು ಅಂತ ಹೇಳಿ.

ಮೂರಕ್ಕೂ ಒಂದೇ ಮದ್ದಿಲ್ಲ.

ಉಕ್ಕಿನಲ್ಲಿ ತೊಂದರೆ ಬರುವುದು ತೂಕಕ್ಕೂ ಎಣಿಕೆಗೂ ನಡುವೆ. ಬಿಲ್ಲು ಕೆಜಿಯಲ್ಲಿ, ಶಾಪಿಗೆ ಕೊಡುವುದು ಸರಳಿನ ಲೆಕ್ಕದಲ್ಲಿ. ದುಂಡು ಸರಳಿನ ಮಿಲಿಮೀಟರ್ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಎಂದು ಬರುತ್ತದೆ. 40 ಮಿಮೀಗೆ ಸುಮಾರು 9.9 ಕೆಜಿ, ಆರು ಮೀಟರಿನ ಒಂದು ಸರಳಿಗೆ 59 ಕೆಜಿ. ಎರಡು ಟನ್ ಬಂದಾಗ ಸುಮಾರು 34 ಸರಳಿರಬೇಕು. 32 ಇದ್ದರೆ ಒಂದೋ ವೇಬ್ರಿಡ್ಜ್ ಚೀಟಿಯಲ್ಲಿ ಎಡವಟ್ಟಿದೆ, ಇಲ್ಲವೇ ವ್ಯಾಸ ಬೇರೆ ಇದೆ. ಗರಗಸದಲ್ಲಿ ಕತ್ತರಿಸಿದ ಮೇಲೆ ಉಳಿಯುವ ತುಂಡುಗಳನ್ನು ತೂಗಿ ಬರೆಯದೆ ಹೋದರೆ ತಿಂಗಳ ಕೊನೆಗೆ ಲೆಕ್ಕ ಕೂಡುವುದೇ ಇಲ್ಲ. ಶೇ. 1 ಕೊರತೆ ಎಂದರೆ ಕೇಳಲು ಸಣ್ಣದು. ಅದು 240 ಕೆಜಿ, ₹18,000, ಇಡೀ ವರ್ಷದ ಬೆಲ್ಟಿನ ಖರ್ಚಿಗಿಂತ ಜಾಸ್ತಿ.

ಮರು ಆರ್ಡರ್ ಮಟ್ಟವನ್ನೂ ಇಲ್ಲಿ ಅಂದಾಜಿನಿಂದ ಇಡಬಾರದು. ವರ್ಷಕ್ಕೆ 300 ಕೆಲಸದ ದಿನ ಎಂದರೆ ದಿನಕ್ಕೆ 80 ಕೆಜಿ. ಹೇಳಿದ ಮೇಲೆ ಮಾಲು ಬರಲು ಕೆಲಸದ ಏಳು ದಿನ, ಅಷ್ಟರಲ್ಲಿ 560 ಕೆಜಿ ಹೋಗುತ್ತದೆ. ಲಾರಿ ತಡವಾದೀತೆಂದು ಇನ್ನೈದು ದಿನದ 400 ಕೆಜಿ ಇಟ್ಟುಕೊಳ್ಳಿ. 960 ಕೆಜಿಗೆ, ಅಂದರೆ 16 ಸರಳಿಗೆ ಇಳಿದಾಗ ಫೋನ್ ಮಾಡಬೇಕು. ರ್‍ಯಾಕಿನಲ್ಲಿ ಹದಿನಾರನೇ ಸರಳಿಗೆ ಕೆಂಪು ಬಣ್ಣ ಬಳಿದಿಟ್ಟರೆ ಬಿನ್ ಕಾರ್ಡ್ ನೋಡದವನಿಗೂ ಗೊತ್ತಾಗುತ್ತದೆ.

ಇನ್ಸರ್ಟಿಗೆ ಬೇರೆ ಉಪಾಯ: ಹಳೆಯದನ್ನು ಕೊಟ್ಟರೆ ಮಾತ್ರ ಹೊಸದು. ನಾಲ್ಕು ಮೂಲೆಯ ಇನ್ಸರ್ಟನ್ನು ಎರಡೇ ಮೂಲೆ ಸವೆಸಿ ಬಿಸಾಡುವ ಆಪರೇಟರ್‌ಗಳಿದ್ದಾರೆ. ಅವರ ಮೇಲೆ ತಪ್ಪು ಹೊರಿಸುವ ಮೊದಲು, ಮೂಲೆ ತಿರುಗಿಸಲು ಬೇಕಾದ ಕೀ ಅವರ ಹತ್ತಿರ ಇದೆಯೇ ನೋಡಿ. ಹಳೆಯ ಕಾರ್ಬೈಡನ್ನು ತೂಕಕ್ಕೆ ಕೊಳ್ಳುವವರೂ ಇದ್ದಾರೆ, ಹಾಗಾಗಿ ವಾಪಸ್ ಬಂದದ್ದು ಕಸವಲ್ಲ.

ಹಿತ್ತಾಳೆಗೆ ಬೀಗ, ತೂಕ, ಮತ್ತು ವಾರಕ್ಕೊಮ್ಮೆ ರೇಟು ವಿಚಾರಣೆ. ಅದರ ಚೂರು ಉಕ್ಕಿನ ಚೂರಿನ ಜತೆ ಬೆರೆಯಬಾರದು, ಬೆರೆತರೆ ಗುಜರಿಯವರು ಕೊಡುವುದು ಕಬ್ಬಿಣದ ರೇಟು.

ಎ ಸಾಮಾನುಗಳನ್ನು ತಿಂಗಳಿಗೊಮ್ಮೆ ಎಣಿಸಿ, ಪಿಓಗೆ ಮಾಲೀಕರೇ ಸಹಿ ಹಾಕಲಿ. ಬಿ ಸಾಮಾನಿಗೆ ಮರು ಆರ್ಡರ್ ಮಟ್ಟ ಮತ್ತು ಮ್ಯಾನೇಜರ ಸಹಿ ಸಾಕು.

ಇನ್ಸರ್ಟಿನಲ್ಲಿ ಐದಾರು ನಮೂನೆ ಇವೆ. ಪ್ರತಿಯೊಂದಕ್ಕೂ ಬೇರೆ ಕೋಡ್. ಹೇಗೆ ಸೇರಿಸುವುದು?

ಒಳ್ಳೆಯ ಪ್ರಶ್ನೆ. ಮೇಲಿನ ₹9.60 ಲಕ್ಷ ಆರು ನಮೂನೆಯಲ್ಲಿ ಸಮನಾಗಿ ಹಂಚಿಹೋಗಿದ್ದರೆ ಒಂದೊಂದೂ ₹1.60 ಲಕ್ಷ. ಆರೂ ಬಿ ಗುಂಪಿಗೆ ಜಾರುತ್ತವೆ, ಮಾಲೀಕರ ಕಣ್ಣಿಗೆ ಯಾವುದೂ ಬೀಳುವುದಿಲ್ಲ. ಒಂದೇ ಡೀಲರಿನಿಂದ, ಒಂದೇ ಮಾತುಕತೆಯಲ್ಲಿ ಬರುವುದನ್ನು ವರ್ಗ ಹಚ್ಚುವಾಗ ಒಂದೇ ಕುಟುಂಬವಾಗಿ ಕೂಡಿಸಿ. ದಾಸ್ತಾನು ಎಣಿಕೆಗೆ ಮಾತ್ರ ಬೇರೆ ಬೇರೆ ಇರಲಿ. ಒಂದೇ ಬೇರಿಂಗ್ ಎರಡು ಹೆಸರಿನಲ್ಲಿ ಎರಡು ಕೋಡ್ ಪಡೆದಿರುವುದೂ ಉಂಟು. ಅದನ್ನು ಪಟ್ಟಿ ಮಾಡುವ ಮೊದಲೇ ತಿದ್ದಿ.

ಸಿ ಸಾಮಾನನ್ನು ಗಮನಿಸುವುದೇ ಬೇಡವೇ?

ಲೆಕ್ಕ ಇಡುವ ಶ್ರಮ ಬೇಡ, ಆದರೆ ಖಾಲಿಯಾಗಲು ಬಿಡಬಾರದು. ಅಲೆನ್ ಬೋಲ್ಟಿಗೆ ಎರಡು ಡಬ್ಬಿ ಇಡಿ. ಮೊದಲನೆಯದು ಶಾಪಿನವರ ಕೈಗೆ ಸಿಗುವಂತೆ, ಸ್ಲಿಪ್ಪಿಲ್ಲದೆ. ಎರಡನೆಯದು ಒಳಗೆ, ಮುಚ್ಚಿ. ಮೊದಲನೆಯದು ಖಾಲಿಯಾಗಿ ಎರಡನೆಯದನ್ನು ಒಡೆದ ದಿನ ಆರ್ಡರ್. ಎರಡನೆಯದರಲ್ಲಿ ಮಾಲು ಬರುವವರೆಗಿನ ಬಳಕೆಯ ಎರಡು ಪಟ್ಟು ಇದ್ದರೂ ದುಡ್ಡು ಹೆಚ್ಚೇನೂ ಕಟ್ಟಿಹಾಕಿದಂತಾಗದು. ನಾಲ್ಕು ರೂಪಾಯಿಯ ಬೋಲ್ಟಿಗೆ ಇಂಡೆಂಟು, ಮೂರು ಸಹಿ, ಮೂರು ಕೊಟೇಷನ್ ಎಂದು ಕೂತರೆ ಕಾಗದದ ಖರ್ಚೇ ಬೋಲ್ಟನ್ನು ಮೀರುತ್ತದೆ.

ವರ್ಷದ ಮಾಲು ಒಟ್ಟಿಗೆ ತರಿಸುವಾಗ ಹಾಳಾಗುವುದನ್ನು ಮಾತ್ರ ನೋಡಿಕೊಳ್ಳಿ. ಎಮರಿ ಕಾಗದ ಮಳೆಗಾಲದ ತೇವಕ್ಕೆ ಮೆತ್ತಗಾಗುತ್ತದೆ. ಅಂಥದ್ದನ್ನು ವರ್ಷಕ್ಕೆರಡು ಸಲ ತರಿಸಿದರೆ ಏನೂ ನಷ್ಟವಿಲ್ಲ.

ಪಟ್ಟಿಯ ಕೊನೆಯಲ್ಲಿರುವ ಬೆಲ್ಟ್ ಇಲ್ಲದಿದ್ದರೆ ನಮ್ಮ ಸಿಎನ್‌ಸಿಯೇ ನಿಲ್ಲುತ್ತದೆ. ಅದು ಸಿ ಹೇಗಾಗುತ್ತದೆ?

ಎಬಿಸಿ ದುಡ್ಡನ್ನು ಮಾತ್ರ ನೋಡುತ್ತದೆ, ಆದ್ದರಿಂದ ಸಿ. ಅದರ ಮಿತಿಯೂ ಅದೇ. ಸಾಮಾನು ಇಲ್ಲದಿದ್ದರೆ ಎಷ್ಟು ನಷ್ಟ ಎಂಬುದಕ್ಕೆ ಬೇರೆ ವಿಂಗಡಣೆ ಇದೆ, ವಿಇಡಿ ಎನ್ನುತ್ತಾರೆ: ವೈಟಲ್ ಎಂದರೆ ಇಲ್ಲದೆ ನಡೆಯದ್ದು, ಎಸೆನ್ಷಿಯಲ್ ಎಂದರೆ ಬೇಕಾದ್ದು, ಡಿಸೈರಬಲ್ ಎಂದರೆ ಇದ್ದರೆ ಒಳ್ಳೆಯದು. ಆಸ್ಪತ್ರೆಗಳ ಔಷಧ ಉಗ್ರಾಣದಲ್ಲಿ ಎರಡನ್ನೂ ಒಟ್ಟಿಗೆ ಬಳಸುವುದು ಸಾಮಾನ್ಯ.

ಬೆಲ್ಟು ದುಡ್ಡಿನಲ್ಲಿ ಸಿ, ಅಗತ್ಯದಲ್ಲಿ ವಿ. ಇಂಥವನ್ನು ಹುಡುಕಲು ಇಡೀ ಪಟ್ಟಿಗೆ ವಿಇಡಿ ಹಚ್ಚಬೇಕಿಲ್ಲ. ಮೆಂಟೆನೆನ್ಸ್ ಮೇಸ್ತ್ರಿಯನ್ನು ಕೂರಿಸಿಕೊಂಡು, ‘ಸಿ ಪಟ್ಟಿಯಲ್ಲಿ ಯಾವುದು ಇಲ್ಲದಿದ್ದರೆ ಮೆಷಿನ್ ನಿಲ್ಲುತ್ತದೆ, ಊರಲ್ಲಿ ಅದೇ ದಿನ ಸಿಗುವುದಿಲ್ಲ?’ ಎಂದು ಕೇಳಿ. ಹತ್ತೋ ಹದಿನೈದೋ ಹೆಸರು ಬರುತ್ತವೆ. ಅವಕ್ಕೆ ಎಂದೂ ಒಂದೆರಡು ಕೈಯಲ್ಲಿರಲಿ ಎಂಬ ನಿಯಮ. ಎರಡು ಬೆಲ್ಟು ಸದಾ ಇಡಲು ₹8,500 ಸಾಕು. ಅದಿಲ್ಲದೆ ಗಿರಾಕಿಯ ಮಾಲು ನಾಲ್ಕು ದಿನ ತಡವಾದರೆ, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಎರಡು ವರ್ಷದಿಂದ ಯಾರೂ ಮುಟ್ಟದ ಮಾಲು ಈ ಪಟ್ಟಿಯಲ್ಲಿ ಎಲ್ಲಿ ಕಾಣುತ್ತದೆ?

ಕಾಣುವುದೇ ಇಲ್ಲ, ಅಪಾಯ ಇರುವುದು ಅಲ್ಲೇ. ಬಳಕೆ ಸೊನ್ನೆ, ಆದ್ದರಿಂದ ಮೊತ್ತವೂ ಸೊನ್ನೆ, ಸಿ ಗುಂಪಿನ ತಳದಲ್ಲಿ ಬಿದ್ದಿರುತ್ತದೆ. ಅದೇ ಮಾಲು ರ್‍ಯಾಕಿನಲ್ಲಿ ಎರಡು ಲಕ್ಷದ್ದಿರಬಹುದು. ಆರ್ಡರ್ ನಿಂತುಹೋದ ಭಾಗಕ್ಕೆಂದು ತಂದ ಹಿತ್ತಾಳೆಯ ಗತಿ ಹೀಗೇ ಆಗುತ್ತದೆ. ಹೋದ ವರ್ಷ ಎ, ಈ ವರ್ಷ ಸಿ, ಸಿ ಎಂದ ಮೇಲೆ ಯಾರೂ ನೋಡುವುದಿಲ್ಲ. ಎಬಿಸಿ ಮಾಡುವ ದಿನವೇ ಪಕ್ಕದಲ್ಲಿ ಈಗಿನ ದಾಸ್ತಾನಿನ ಮೊತ್ತವನ್ನೂ ಕೊನೆಯ ಇಶ್ಯೂ ದಿನಾಂಕವನ್ನೂ ಬರೆಯಿರಿ. ಒಂದು ವರ್ಷದ ಬಳಕೆಗಿಂತ ಹೆಚ್ಚು ಕೈಯಲ್ಲಿರುವುದನ್ನೆಲ್ಲ ಬೇರೆ ತೆಗೆದು ನೋಡಿ.

ಗಿರಾಕಿ ಕಳಿಸಿದ ಜಾಬ್‌ವರ್ಕ್ ಮಾಲನ್ನು ಸೇರಿಸಬೇಕೇ?

ನಮ್ಮ ಪುಸ್ತಕದಲ್ಲಿ ಅದಕ್ಕೆ ಬೆಲೆ ಇಲ್ಲ, ಹಾಗಾಗಿ ಈ ಲೆಕ್ಕದಲ್ಲಿ ಸಿಗದು. ಆದರೆ ಕಳೆದುಹೋದರೆ ದಂಡ ತೆರುವವರು ನಾವೇ. ಅಲ್ಲದೆ ಜಿಎಸ್‌ಟಿ ಕಾಯ್ದೆಯಂತೆ ಆ ಮಾಲು ಒಂದು ವರ್ಷದೊಳಗೆ ವಾಪಸಾಗಬೇಕು. ಅದಕ್ಕೆ ಬೇರೆ ರಿಜಿಸ್ಟರ್ ಇಟ್ಟು, ಎ ಸಾಮಾನಿನಂತೆ ತಿಂಗಳಿಗೊಮ್ಮೆ ಎಣಿಸಿ.

ಎಕ್ಸೆಲ್‌ನಲ್ಲಿ ಹೇಗೆ ಮಾಡುವುದು?

ಮೇಲಿನ ಪಟ್ಟಿಯ ಕ್ರಮದಲ್ಲೇ ಮೊದಲ ಕಾಲಮ್ಮಿನಲ್ಲಿ ಹೆಸರು, ಎರಡನೆಯದರಲ್ಲಿ ಬಳಕೆ, ಮೂರನೆಯದರಲ್ಲಿ ರೇಟು ಹಾಕಿ. ನಾಲ್ಕನೆಯದರಲ್ಲಿ ಗುಣಾಕಾರ ಮಾಡಿ, ಆ ಮೊತ್ತದ ಇಳಿಕೆಯಲ್ಲಿ ಪೂರ್ತಿ ಪಟ್ಟಿಯನ್ನು ಸಾರ್ಟ್ ಮಾಡಿದ ನಂತರವೇ ಉಳಿದೆರಡು ಸೂತ್ರ ಹಾಕಬೇಕು.

```
D2: =B2*C2
E2: =SUM(D$2:D2)/SUM(D$2:D$14)
F2: =IF(E2<=0.8,"A",IF(E2<=0.95,"B","C"))
```

ಕೊನೆಯ ಸೂತ್ರದಲ್ಲಿ ಒಂದು ಕೊಕ್ಕೆ ಇದೆ. ಒಂದೇ ಸಾಮಾನು ಖರ್ಚಿನ ಶೇ. 85 ತಿನ್ನುವ ಸ್ಟೋರಿನಲ್ಲಿ, ಫೌಂಡ್ರಿಯ ಪಿಗ್ ಐರನ್ ಎಂದಿಟ್ಟುಕೊಳ್ಳಿ, ಅದು ಮೊದಲ ಸಾಲಿನಲ್ಲೇ 0.8 ದಾಟಿಬಿಡುತ್ತದೆ. ಸೂತ್ರ ಅದನ್ನು ಬಿ ಎನ್ನುತ್ತದೆ, ಎ ಗುಂಪು ಖಾಲಿ! ಎರಡನೇ ಸಾಮಾನಿನಿಂದ ಕೆಳಗೆ ಸೂತ್ರವನ್ನು ನಂಬಿ, ಮೊದಲನೆಯದಕ್ಕೆ ಕೈಯಿಂದಲೇ ಎ ಎಂದು ಬರೆಯಿರಿ.

ಎಷ್ಟು ದಿನಕ್ಕೊಮ್ಮೆ ಪಟ್ಟಿ ಹೊಸದು ಮಾಡಬೇಕು?

ವರ್ಷಕ್ಕೊಮ್ಮೆ ಮಾಡಿದರೆ ಸಾಕು, ಏಪ್ರಿಲ್‌ನಲ್ಲಿ ಸ್ಟಾಕ್ ಎಣಿಕೆ ಮುಗಿದ ಕೂಡಲೇ. ನಡುವೆ ದೊಡ್ಡ ಆರ್ಡರ್ ಬಂದರೆ ಅಥವಾ ಹೋದರೆ ಆಗಲೇ ಒಮ್ಮೆ ನೋಡಿ. ಹೊಸ ಸಾಮಾನಿಗೆ ಹಿಂದಿನ ಬಳಕೆ ಇರುವುದಿಲ್ಲವಲ್ಲ, ಅದಕ್ಕೆ ಉತ್ಪಾದನೆಯ ಯೋಜನೆಯಿಂದ ಅಂದಾಜು ಮೊತ್ತ ಹಾಕಿ ತಾತ್ಕಾಲಿಕ ವರ್ಗ ಕೊಡಿ, ಮೂರು ತಿಂಗಳ ಇಶ್ಯೂ ಕಂಡ ಮೇಲೆ ತಿದ್ದಿ. ಸಾಫ್ಟ್‌ವೇರ್‌ನಲ್ಲಿ ಒಮ್ಮೆ ಹಾಕಿದ ವರ್ಗ ತಾನಾಗಿ ಬದಲಾಗುತ್ತದೆಂದು ಭಾವಿಸಬೇಡಿ. ಹಲವು ಕಡೆ ಅದು ಐಟಂ ಮಾಸ್ಟರಿನಲ್ಲಿ ಕೈಯಿಂದ ತುಂಬುವ ಖಾನೆ, ಮೊದಲ ದಿನ ತುಂಬಿದ್ದು ಇವತ್ತಿಗೂ ಹಾಗೇ ಇರುತ್ತದೆ. ಪರೀಕ್ಷಿಸಲು ಸುಲಭದ ದಾರಿ ಎಂದರೆ, ಕಳೆದ ತಿಂಗಳು ಅತಿ ಹೆಚ್ಚು ಮೊತ್ತದ ಐದು ಪಿಓ ತೆಗೆದು ಅವುಗಳ ಎದುರು ಯಾವ ಅಕ್ಷರ ಇದೆ ನೋಡುವುದು. ಅದರಲ್ಲಿ ಎರಡು ಸಿ ಕಂಡರೆ ಪಟ್ಟಿ ಹಳೆಯದಾಗಿದೆ.